ಅಡುಗೆಮನೆಯಲ್ಲಿ ಎಣಿಕೆ: ಒಂದನೇ ತರಗತಿ ಮಕ್ಕಳ ಮನೆಯವರಿಗೆ, ಎರಡು ವಾರಕ್ಕೆ

ಈ ಹಾಳೆಯನ್ನು ನೀವೇ ಓದಬೇಕು ಅಂತೇನಿಲ್ಲ. ಮನೆಯಲ್ಲಿ ಓದಲು ಬರುವ ದೊಡ್ಡ ಮಕ್ಕಳಿದ್ದರೆ ದಿನಕ್ಕೆ ಒಂದು ಭಾಗ ಗಟ್ಟಿಯಾಗಿ ಓದಿಸಿಕೊಳ್ಳಿ. ಬರೆಯುವ ಕೆಲಸ ಒಂದೂ ಇಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು, ಅದೂ ಅಡುಗೆಯ ಜೊತೆಜೊತೆಗೇ.

"ನಮಗೆ ಲೆಕ್ಕ ಬರಲ್ಲ ಮೇಡಂ" ಎಂದು ಹೋದ ಸಭೆಯಲ್ಲಿ ಎಷ್ಟೋ ಜನ ಹೇಳಿದಿರಿ. ಆದರೆ ಊಟಕ್ಕೆ ಇಬ್ಬರು ಜಾಸ್ತಿ ಬಂದರೆ ಇನ್ನೆಷ್ಟು ಅಕ್ಕಿ ಹಾಕಬೇಕು ಅಂತ ನಿಮ್ಮ ಕೈಗೆ ಗೊತ್ತು. ಉಳಿದ ಅಡುಗೆ ಯಾವ ಪಾತ್ರೆಗೆ ಹಿಡಿಯುತ್ತದೆ ಅಂತ ಕಣ್ಣಳತೆಯಲ್ಲೇ ಹೇಳುತ್ತೀರಿ. ಲೆಕ್ಕ ಅಂದರೆ ಅದೇ. ನೀವು ಮನಸ್ಸಿನಲ್ಲಿ ಮಾಡಿಕೊಳ್ಳುವುದನ್ನು ಮಗುವಿಗೆ ಕೇಳುವ ಹಾಗೆ ಬಾಯಿಬಿಟ್ಟು ಹೇಳಿ, ಅಷ್ಟೇ.

ಮೊದಲು ಒಂದು ಎಚ್ಚರಿಕೆ. ಒಲೆ, ಚಾಕು, ಬಿಸಿ ಪಾತ್ರೆಯಿಂದ ದೂರ ಕೂರಿಸಿ. ಮನೆಯಲ್ಲಿ ಪುಟ್ಟ ಕೂಸಿದ್ದರೆ ಕಾಳು ಬೇಡ. ಬಾಯಿಗೋ ಮೂಗಿಗೋ ಹಾಕಿಕೊಂಡುಬಿಡುತ್ತವೆ. ಕಾಳಿನ ಬದಲು ದೊಡ್ಡ ಚಮಚ ಇಟ್ಟುಕೊಳ್ಳಿ.

ತಟ್ಟೆ ಹಾಕುವುದು (ಪ್ರತಿ ರಾತ್ರಿ)

ಇದೊಂದನ್ನು ಮಾತ್ರ ಯಾವ ದಿನವೂ ಬಿಡಬೇಡಿ.

ಮೊದಲ ಎರಡು ದಿನ ಎಣಿಸುವುದೇ ಬೇಡ. "ಅಜ್ಜಿಗೆ ಒಂದು, ಅಪ್ಪನಿಗೆ ಒಂದು, ನಿನಗೆ ಒಂದು" ಎನ್ನುತ್ತಾ ಮಗುವಿನ ಕೈಯಲ್ಲೇ ತಟ್ಟೆ ಹಾಕಿಸಿ. ಆಮೇಲೆ ಒಂದೊಂದು ತಟ್ಟೆಯ ಪಕ್ಕಕ್ಕೆ ಒಂದೊಂದು ಲೋಟ. ಲೋಟಗಳನ್ನು ಬೇಕೆಂದೇ ಎರಡು ಕಡಿಮೆ ಕೊಡಿ. "ಎಲ್ಲರಿಗೂ ಆಯ್ತಾ? ಯಾರಿಗೆ ಸಿಗಲಿಲ್ಲ? ಇನ್ನೆಷ್ಟು ತರ್ತೀಯ?" ಎಂದು ಕೇಳಿ. ಮಗು ಒಂದೊಂದೇ ಲೋಟ ತಂದು ಎರಡು ಸಲ ಓಡಾಡಿದರೂ ಓಡಾಡಲಿ. ಎರಡನ್ನು ಒಟ್ಟಿಗೆ ತರಬಹುದು ಅಂತ ಅದಕ್ಕೇ ಹೊಳೆಯುವ ದಿನ ಬರುತ್ತದೆ. ನೀವು ಮೊದಲೇ ಹೇಳಿಬಿಡಬೇಡಿ.

ಮೂರನೇ ದಿನದಿಂದ ಎಣಿಸಿ. ಒಂದು ತಟ್ಟೆ ಮುಟ್ಟಿದರೆ ಒಂದೇ ಅಂಕಿ. ಕೆಲವು ಮಕ್ಕಳ ಬಾಯಿ ಓಡುತ್ತದೆ, ಬೆರಳು ಹಿಂದೆ ಬೀಳುತ್ತದೆ. ಆಗ ಮಗುವಿನ ಬೆರಳು ಹಿಡಿದು ನಿಧಾನ ಮಾಡಿ.

ಎಣಿಸಿ ಮುಗಿದ ಕೂಡಲೇ "ಎಷ್ಟು ತಟ್ಟೆ ಇವೆ?" ಎಂದು ಕೇಳಿ. ಎಷ್ಟೋ ಮಕ್ಕಳು ಮತ್ತೆ "ಒಂದು, ಎರಡು..." ಅಂತ ಶುರು ಮಾಡುತ್ತವೆ. ಅದು ಹಠವಲ್ಲ. ಕೊನೆಯಲ್ಲಿ ಹೇಳಿದ ಅಂಕಿಯೇ ಒಟ್ಟು ಎಷ್ಟು ಅನ್ನುವುದು ಇನ್ನೂ ತಲೆಗೆ ಹತ್ತಿಲ್ಲ. ನೀವು ಎಣಿಸಿ ತೋರಿಸಿ: "ಮೂರು, ನಾಲ್ಕು, ಐದು." ಆಮೇಲೆ ಎಲ್ಲ ತಟ್ಟೆಗಳ ಮೇಲೂ ಕೈಯಾಡಿಸಿ, "ಒಟ್ಟು ಐದು ತಟ್ಟೆ" ಅನ್ನಿ. ಎರಡು ವಾರದಲ್ಲಿ ಇದೊಂದು ಬಂದರೂ ನನಗೆ ಸಂತೋಷ. ನೂರರವರೆಗೆ ಗಿಣಿಪಾಠ ಒಪ್ಪಿಸುವ ಮಕ್ಕಳಲ್ಲೂ "ಏಳು ಚಮಚ ಕೊಡು" ಅಂದರೆ ಕೈಗೆ ಸಿಕ್ಕಷ್ಟು ಕೊಡುವವರನ್ನು ನೋಡಿದ್ದೇನೆ.

ಇದು ಬಂದ ಮೇಲೆ ಮಾತು ಬದಲಿಸಿ. "ಅಪ್ಪ ಇವತ್ತು ಲೇಟು. ಈಗ ಎಷ್ಟು ತಟ್ಟೆ ಸಾಕು?" ಒಂದು ತಟ್ಟೆ ತೆಗೆದು, ಮತ್ತೆ ಎಣಿಸಿ ನೋಡಲಿ.

ಈರುಳ್ಳಿ ಸಾಲು

ಆರು ಈರುಳ್ಳಿಯನ್ನು ಒತ್ತೊತ್ತಾಗಿ ಸಾಲಿಡಿ. ಎಣಿಸಲಿ. ಮಗುವಿನ ಕಣ್ಣೆದುರೇ ಅವನ್ನು ದೂರದೂರ ಸರಿಸಿ, "ಈಗ ಜಾಸ್ತಿ ಆಯ್ತಾ, ಕಡಿಮೆ ಆಯ್ತಾ, ಅಷ್ಟೇ ಇದೆಯಾ?" ಎಂದು ಕೇಳಿ. ಸಾಲು ಉದ್ದ ಕಂಡಿದ್ದಕ್ಕೆ "ಜಾಸ್ತಿ" ಅನ್ನಬಹುದು. ಈ ವಯಸ್ಸಿಗೆ ಅದು ಸಹಜ. ಎಣಿಸಿಸಿ, ಸುಮ್ಮನಿರಿ. ನಾಲ್ಕು ದಿನ ಬಿಟ್ಟು ಇನ್ನೊಂದ್ಸಲ ಮಾಡಿ.

ಮುಚ್ಚಿಟ್ಟ ಕಾಳು

ಕಾಳು ಆರಿಸುವಾಗ ಐದೇ ಐದು ದೊಡ್ಡ ಕಾಳು ಪಕ್ಕಕ್ಕಿಡಿ. ಇಬ್ಬರೂ ಎಣಿಸಿ. ಮಗು ಕಣ್ಣು ಮುಚ್ಚಲಿ. ಕೆಲವನ್ನು ಬಟ್ಟಲಿನ ಕೆಳಗೆ ಬಚ್ಚಿಡಿ, ಉಳಿದದ್ದು ಹೊರಗೆ.

"ಹೊರಗೆ ಎಷ್ಟಿವೆ?"
"ಮೂರು."
"ಒಳಗೆ?"

ಮಗು ಬೆರಳು ಮಡಚಲಿ, ಊಹಿಸಲಿ, ಏನಾದರೂ ಮಾಡಲಿ. ಬೆರಳು ಬಳಸಿದರೆ ಬೈಯಬೇಡಿ. ಉತ್ತರ ಹೇಳಿದ ಮೇಲೆ ಬಟ್ಟಲು ಎತ್ತಿ ನೋಡಿ. ಸರಿಯೋ ತಪ್ಪೋ ಕಾಳೇ ಹೇಳುತ್ತದೆ, ನೀವು ಹೇಳಬೇಕಾಗಿಲ್ಲ. ಆಮೇಲೆ ಮಗು ಬಚ್ಚಿಡಲಿ, ನೀವು ಹೇಳಿ. ಒಮ್ಮೊಮ್ಮೆ ಬೇಕೆಂದೇ ತಪ್ಪು ಹೇಳಿ. ಅಮ್ಮನ ತಪ್ಪು ಹಿಡಿಯುವುದೆಂದರೆ ಯಾವ ಮಗುವಿಗೆ ಖುಷಿ ಇಲ್ಲ?

ಎಲ್ಲ ಕಾಳೂ ಒಳಗೆ ಹೋಗಲಿ, ಒಂದು ಸಲ. "ಹೊರಗೆ ಎಷ್ಟು?" "ಏನೂ ಇಲ್ಲ." "ಏನೂ ಇಲ್ಲ ಅಂದ್ರೆ ಸೊನ್ನೆ." ಸೊನ್ನೆ ಕಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ನಾಲ್ಕು-ಒಂದು, ಮೂರು-ಎರಡು ತಡೆಯಿಲ್ಲದೆ ಬಂದರೆ ಎರಡನೇ ವಾರ ಒಂದೊಂದೇ ಕಾಳು ಸೇರಿಸುತ್ತಾ ಹತ್ತರವರೆಗೆ ಹೋಗಿ. ಬರದಿದ್ದರೆ ಐದರಲ್ಲೇ ಇರಿ. ಕೂಡುವುದು, ಕಳೆಯುವುದು ಎರಡೂ ಈ ಆಟದೊಳಗೇ ಇವೆ.

ಹತ್ತರ ಗುಡ್ಡೆ (ಎರಡನೇ ವಾರ)

ಮಗು ತನ್ನ ಪುಟ್ಟ ಕೈಯಲ್ಲಿ ಒಂದು ಹಿಡಿ ಕಾಳು ತೆಗೆಯಲಿ. "ಎಷ್ಟಿರಬಹುದು?" ಎಂದು ಕೇಳಿ. ಐದು ಅನ್ನಬಹುದು, ಸಾವಿರ ಅನ್ನಬಹುದು, ನಗಬೇಡಿ. ಈಗ ಹತ್ತತ್ತು ಕಾಳಿನ ಗುಡ್ಡೆ ಮಾಡಿಸಿ. ಎರಡು ಗುಡ್ಡೆ ಆಗಿ ಮೂರು ಉಳಿದರೆ "ಎರಡು ಹತ್ತು ಇಪ್ಪತ್ತು, ಮೇಲೆ ಮೂರು, ಇಪ್ಪತ್ತಮೂರು" ಅನ್ನಿ.

ನಮ್ಮ ಭಾಷೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಹದಿಮೂರು ಅನ್ನುವುದರಲ್ಲಿ "ಹದಿ" ಅಂದರೆ ಹತ್ತು, ಆಮೇಲೆ ಮೂರು. ಹನ್ನೊಂದು, ಹನ್ನೆರಡರಲ್ಲಿ ಆ ಹತ್ತು "ಹನ್" ಆಗಿ ಕೂತಿದೆ. ಒಂದು ಗುಡ್ಡೆ ಮತ್ತು ಮೂರು ಕಾಳು ಮುಂದಿಟ್ಟುಕೊಂಡು ಎಳೆದು ಹೇಳಿ: "ಹದಿ... ಮೂರು."

ಲೋಟದ ಅಳತೆ

ಒಂದು ಪಾತ್ರೆ ತುಂಬಲು ಎಷ್ಟು ಲೋಟ ನೀರು ಬೇಕು? ಮೊದಲು ಊಹೆ, ಆಮೇಲೆ ಸುರಿದು ನೋಡುವುದು. ಇನ್ನೊಂದು ದಿನ ಸಣ್ಣ ಲೋಟ ಕೊಡಿ. ಸುರಿಯುವ ಮುಂಚೆ "ಈಗ ಜಾಸ್ತಿ ಸಲ ಸುರೀಬೇಕಾ, ಕಡಿಮೆ ಸಲಾನಾ?" ಎಂದು ಕೇಳಿ. ದೊಡ್ಡವರೂ ಒಂದು ಗಳಿಗೆ ಯೋಚಿಸುವ ಪ್ರಶ್ನೆ ಇದು. ಆ ನೀರನ್ನೇ ಅಡುಗೆಗೆ ಬಳಸಿ, ಚೆಲ್ಲಬೇಡಿ.

ತಪ್ಪಿದಾಗ

"ಅಷ್ಟೂ ಗೊತ್ತಾಗಲ್ವಾ?" ಅನ್ನುವ ಮಾತು ಬೇಡ. "ಮುಟ್ಟಿ ಇನ್ನೊಂದ್ಸಲ ಎಣಿಸೋಣ" ಅನ್ನಿ. ಮಗು ಆಕಳಿಸಿದರೆ, ಕಾಳು ಚೆಲ್ಲಾಡಲು ಶುರುಮಾಡಿದರೆ ಅವತ್ತಿಗೆ ಮುಗಿಯಿತು ಅಂತ ಅರ್ಥ. ಬಲವಂತ ಮಾಡಬೇಡಿ.

ನನಗೆ ತಿಳಿಸುವುದು ಹೇಗೆ

ಹಳೆಯ ಲೋಟವೊಂದನ್ನು ಮಗುವಿನ ಕೈಗೆಟುಕುವ ಕಡೆ ಇಡಿ. ಆಟ ಆಡಿದ ದಿನ ಅದಕ್ಕೆ ಒಂದು ಕಾಳು ಹಾಕಲಿ. ಆಡದ ದಿನ ಹಾಕುವುದು ಬೇಡ. ಎರಡು ವಾರ ಆದ ಮೇಲಿನ ಶನಿವಾರದ ಸಭೆಗೆ ಲೋಟ ತನ್ನಿ, ಮಗುವೇ ನನ್ನೆದುರು ಎಣಿಸಲಿ. ಐದೇ ಕಾಳಿದ್ದರೂ ತನ್ನಿ. ಮಗು ಎಲ್ಲಿ ತಡವರಿಸುತ್ತದೆ ಅಂತ ನೀವು ಗಮನಿಸಿದ್ದನ್ನು ಬಾಯಲ್ಲೇ ಹೇಳಿ. "ಮೂರರವರೆಗೆ ನೋಡಿದ ಕೂಡಲೇ ಹೇಳ್ತಾನೆ, ನಾಲ್ಕಾದರೆ ಎಣಿಸ್ತಾನೆ" ಅಂತ ಒಂದು ಮಾತು ಸಿಕ್ಕರೂ ಮುಂದಿನ ಹಾಳೆಯಲ್ಲಿ ಏನಿರಬೇಕು ಅಂತ ನನಗೆ ಗೊತ್ತಾಗುತ್ತದೆ.

ನಿಮ್ಮ ಮಗುವಿನ ತರಗತಿ ಟೀಚರ್