ಹಿ ಮತ್ತು ಶಿ: ಕನ್ನಡಿಗರು ಎಡವುವ ಜಾಗಗಳು ಮತ್ತು ತಿದ್ದಿಕೊಳ್ಳುವ ಅಭ್ಯಾಸಗಳು
(ವಯಸ್ಕರ ಸಂಜೆ ತರಗತಿಗಾಗಿ ಸಿದ್ಧಪಡಿಸಿದ ಪಾಠ)

ಕಳೆದ ವಾರ ನಮ್ಮ ತರಗತಿಯಲ್ಲಿ ಒಬ್ಬರು ಮೊಬೈಲಿನಲ್ಲಿದ್ದ ಅಕ್ಕನ ಫೋಟೋ ತೋರಿಸುತ್ತಾ, "ದಿಸ್ ಈಸ್ ಮೈ ಸಿಸ್ಟರ್. ಹಿ ವರ್ಕ್ಸ್ ಇನ್ ಎ ಬ್ಯಾಂಕ್. ಹಿಸ್ ಹಸ್ಬೆಂಡ್ ಈಸ್ ಎ ಡಾಕ್ಟರ್" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅದೇ ಮೂರು ವಾಕ್ಯಗಳನ್ನು ಕಾಗದದ ಮೇಲೆ ಬರೆಯಿರಿ ಎಂದಾಗ ಅವರು ಒಂದೂ ತಪ್ಪಿಲ್ಲದೆ ಬರೆದುಕೊಟ್ಟರು. ಅಂದರೆ ನಿಯಮ ಅವರಿಗೆ ಗೊತ್ತಿತ್ತು. ಮಾತಿನ ವೇಗದಲ್ಲಿ ಅದು ಕೈಗೆ ಸಿಗಲಿಲ್ಲ. ಆದ್ದರಿಂದ ಈ ಪಾಠದಲ್ಲಿ ನಿಯಮ ಕಡಿಮೆ, ಬಾಯಿಗೆ ಕೆಲಸ ಹೆಚ್ಚು.

ಅವನು, ಅವಳು ಎಂಬ ಭೇದ ಕನ್ನಡದಲ್ಲಿ ಇಂಗ್ಲಿಷಿನಷ್ಟೇ ಸ್ಪಷ್ಟವಾಗಿದೆ. ವ್ಯತ್ಯಾಸವಿರುವುದು ಆ ಭೇದ ವಾಕ್ಯದ ಯಾವ ಜಾಗದಲ್ಲಿ ಕಾಣಿಸುತ್ತದೆ ಎಂಬುದರಲ್ಲಿ. "ನಿನ್ನೆ ಸಂಜೆ ಫೋನ್ ಮಾಡಿದಳು" ಎನ್ನುವಾಗ ನಾವು ಕರ್ತೃಪದವನ್ನೇ ಹೇಳುವುದಿಲ್ಲ. ಹೆಣ್ಣೆಂಬ ಸುಳಿವು ಕ್ರಿಯಾಪದದ ಕೊನೆಯ ಅಕ್ಷರದಲ್ಲಿದೆ, ಅಲ್ಲಿಗೆ ಬರುವಷ್ಟರಲ್ಲಿ ಯೋಚಿಸಲು ಸಾಕಷ್ಟು ಸಮಯವೂ ಸಿಕ್ಕಿರುತ್ತದೆ. ಇಂಗ್ಲಿಷಿನಲ್ಲಿ "ಕಾಲ್ಡ್" ಎಂಬ ಕ್ರಿಯಾಪದ ಗಂಡಿಗೂ ಹೆಣ್ಣಿಗೂ ಒಂದೇ ಆಗಿರುವುದರಿಂದ, ಹೇಳಬೇಕಾದದ್ದನ್ನೆಲ್ಲ ಮೊದಲ ಪದದಲ್ಲೇ, ಬಾಯಿ ತೆರೆಯುವ ಮುನ್ನವೇ ತೀರ್ಮಾನಿಸಬೇಕು. ಕೊನೆಯಲ್ಲಿ ತೀರ್ಮಾನಿಸಿ ಅಭ್ಯಾಸವಾದವರು ಮೊದಲಲ್ಲಿ ತೀರ್ಮಾನಿಸಬೇಕಾದಾಗ ನಾಲಿಗೆ ಸುಲಭವಾಗಿ ಸಿಕ್ಕುವ "ಹಿ"ಯನ್ನು ಹಿಡಿದುಕೊಳ್ಳುತ್ತದೆ.

ಎರಡನೆಯ ಕಾರಣ ನಮ್ಮ ಮರ್ಯಾದೆಯ "ಅವರು". ಅಮ್ಮ, ಅತ್ತೆ, ಮೇಷ್ಟ್ರು, ಡಾಕ್ಟರ್ ಎಲ್ಲರೂ "ಅವರು ಬಂದರು" ಎಂಬ ಒಂದೇ ಮಾತಿನೊಳಗೆ ಸೇರುತ್ತಾರೆ. ಅಲ್ಲಿ ಗಂಡು ಹೆಣ್ಣಿನ ಗುರುತೇ ಇಲ್ಲ. ಇದನ್ನು ಪದಕ್ಕೆ ಪದ ಬದಲಿಸಿ "ಮೈ ಫಾದರ್ ಈಸ್ ಎ ಫಾರ್ಮರ್. ದೇ ಗೆಟ್ ಅಪ್ ಅರ್ಲಿ" ಎಂದರೆ, ಬೇಗ ಏಳುವವರು ಎಷ್ಟು ಜನ ಎಂದು ಕೇಳುವವರು ಗೊಂದಲಕ್ಕೆ ಬೀಳುತ್ತಾರೆ. ಇದರ ಹಿಂದೆ ಒಂದು ಅಳುಕೂ ಇದೆ: ತಾಯಿಯನ್ನು "ಶಿ" ಎಂದರೆ "ಅವಳು" ಎಂದು ಹಗುರವಾಗಿ ಕರೆದಂತೆ ಹಲವರಿಗೆ ಅನಿಸುತ್ತದೆ. ಹಾಗೇನೂ ಇಲ್ಲ. ಅವಳು, ಆಕೆ, ಅವರು ಈ ಮೂರೂ ಮಾತುಗಳ ಕೆಲಸವನ್ನು "ಶಿ" ಒಂದೇ ಮಾಡುತ್ತದೆ, ಅದರಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ.

ಮೂರನೆಯದು, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹಟಮಾರಿಯಾದದ್ದು, "ತನ್ನ" ಎಂಬ ಪದ. "ರಮೇಶ ತನ್ನ ತಂಗಿಯನ್ನು ಕರೆತಂದ" ಎಂಬಲ್ಲಿ "ತನ್ನ" ಎಂಬುದಕ್ಕೆ ಲಿಂಗವಿಲ್ಲ. ಇಂಗ್ಲಿಷಿಗೆ ಬರುವಾಗ ಪಕ್ಕದಲ್ಲೇ ಇರುವ ತಂಗಿ ಕಣ್ಣಿಗೆ ಬಿದ್ದು, "ರಮೇಶ್ ಬ್ರಾಟ್ ಹರ್ ಸಿಸ್ಟರ್" ಎಂಬ ವಾಕ್ಯ ಹೊರಬರುತ್ತದೆ. ಕೇಳಿದವರು ರಮೇಶ ಬೇರೆ ಯಾವಳದೋ ತಂಗಿಯನ್ನು ಕರೆತಂದನೆಂದು ತಿಳಿಯುತ್ತಾರೆ. ಸಂಬಂಧ ಯಾರದೋ ಅವರನ್ನು ನೋಡಬೇಕೇ ಹೊರತು ಸಂಬಂಧಿಯನ್ನಲ್ಲ. ಇಲ್ಲಿ ರಮೇಶನ ತಂಗಿ, ಆದ್ದರಿಂದ "ಹಿಸ್ ಸಿಸ್ಟರ್".

ಇದರ ಜೊತೆಗೆ ಇಂಗ್ಲಿಷಿನದೇ ಒಂದು ಓರೆಕೋರೆಯಿದೆ. ಅವಳನ್ನು, ಅವಳಿಗೆ, ಅವಳ ಎಂಬ ಮೂರಕ್ಕೂ "ಹರ್" ಒಂದೇ ಸಾಕು. ಗಂಡಿನ ವಿಷಯದಲ್ಲಿ ಮಾತ್ರ ಅವನನ್ನು, ಅವನಿಗೆ ಎಂಬುದಕ್ಕೆ "ಹಿಮ್", ಅವನ ಎಂಬುದಕ್ಕೆ "ಹಿಸ್". "ಅವನದು" ಎನ್ನಲೂ "ಹಿಸ್" ಎಂದರೆ ಆಯಿತು, ಆದರೆ "ಅವಳದು" ಎನ್ನಲು "ಹರ್ಸ್" ಎಂಬ ಬೇರೆಯೇ ರೂಪ ಬೇಕು. "ಹರ್" ಎಂಬ ಒಂದೇ ಅಚ್ಚಿನಲ್ಲಿ ಗಂಡಿನ ರೂಪವನ್ನೂ ಎರಕ ಹೊಯ್ಯಲು ಹೋದವರು "ಐ ಸಾ ಹಿಸ್" ಎನ್ನುತ್ತಾರೆ.

ಸಣ್ಣಪುಟ್ಟವು ಇನ್ನೂ ಇವೆ. ಸೂರ್ಯ ಹುಟ್ಟಿದನು, ಚಂದ್ರ ಮುಳುಗಿದನು ಎನ್ನುವ ನಾವು ಸೂರ್ಯನನ್ನು "ಹಿ" ಎಂದುಬಿಡುತ್ತೇವೆ. ದಿನಬಳಕೆಯ ಇಂಗ್ಲಿಷಿನಲ್ಲಿ ಅವೆರಡೂ "ಇಟ್".

ಇನ್ನು ಅಭ್ಯಾಸಗಳು. ದಿನಕ್ಕೆ ಹದಿನೈದು ನಿಮಿಷ, ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಸಲೀಸಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ.

ಮೊದಲನೆಯದು ಕಿವಿಗೆ. ಜೊತೆಗಾರರು "ಶಿ ಈಸ್ ಟೈರ್ಡ್", "ಐ ಮೆಟ್ ಹಿಮ್", "ದಟ್ ಈಸ್ ಹರ್ ಚೇರ್", "ಹಿ ಲೆಫ್ಟ್ ಅರ್ಲಿ" ಎಂಬಂಥ ಇಪ್ಪತ್ತು ವಾಕ್ಯಗಳನ್ನು ಕಲಸುಮೇಲೋಗರವಾಗಿ ಓದಲಿ. ಗಂಡಾದರೆ ಬಲಗೈ, ಹೆಣ್ಣಾದರೆ ಎಡಗೈ ಎತ್ತಿ. ಕೈ ತಡವಾದರೂ ತಪ್ಪೆಂದೇ ಲೆಕ್ಕ.

ಎರಡನೆಯದು ಫೋಟೋಗಳೊಂದಿಗೆ. ಮನೆಯವರ ಹತ್ತು ಫೋಟೋ ಆಯ್ದುಕೊಳ್ಳಿ. ಪ್ರತಿಯೊಂದಕ್ಕೂ ಮೊದಲು ಹೆಸರು, ಒಂದು ಕ್ಷಣ ಮೌನ, ಬಳಿಕ ಸರ್ವನಾಮದಿಂದ ಆರಂಭವಾಗುವ ವಾಕ್ಯ: "ಸುಮಾ. ಶಿ ಲೈಕ್ಸ್ ಮ್ಯೂಸಿಕ್." ಮೊದಲ ಪದವನ್ನು ಆರಿಸುವ ಕೆಲಸ ಆ ಮೌನದಲ್ಲೇ ನಡೆಯಬೇಕು. ಎರಡನೇ ದಿನ ಮೌನವನ್ನು ಅರ್ಧಕ್ಕೆ ಇಳಿಸಿ, ಮೂರನೇ ದಿನ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ.

ಮೂರನೆಯದು "ಅವರು" ಬಿಡಿಸುವುದು. ಬರೆಯದೆ, ಬಾಯಲ್ಲೇ ಇಂಗ್ಲಿಷಿಗೆ ತನ್ನಿ.
ಅ) ನಮ್ಮ ಅತ್ತೆ ಐದು ಗಂಟೆಗೆ ಏಳುತ್ತಾರೆ. ಅವರಿಗೆ ಮಂಡಿನೋವು ಇದೆ.
ಆ) ನಮ್ಮ ತಾತ ಚೆನ್ನಾಗಿ ಹಾಡುತ್ತಾರೆ. ಅವರ ಧ್ವನಿ ದೊಡ್ಡದು.
ಇ) ಡಾಕ್ಟರ್ ಇನ್ನೂ ಬಂದಿಲ್ಲ. ಅವರು ತಡವಾಗಿ ಬರುತ್ತಾರೆ.
ಉತ್ತರ: (ಅ) "ಶಿ ಹ್ಯಾಸ್ ನೀ ಪೇನ್", (ಆ) "ಹಿಸ್ ವಾಯ್ಸ್ ಈಸ್ ಲೌಡ್". (ಇ)ಗೆ ಉತ್ತರಿಸುವ ಮೊದಲು ಡಾಕ್ಟರ್ ಗಂಡೋ ಹೆಣ್ಣೋ ಎಂದು ಕೇಳಿಕೊಳ್ಳಬೇಕು; ಗೊತ್ತಿಲ್ಲದಿದ್ದರೆ ಇಲ್ಲಿ ಮಾತ್ರ "ದೇ" ಸರಿ. ಡಾಕ್ಟರ್ ಎಂದಕೂಡಲೇ "ಹಿ" ಎಂದವರು ತಮ್ಮ ಊಹೆಯನ್ನೂ ಸ್ವಲ್ಪ ಪರೀಕ್ಷಿಸಿಕೊಳ್ಳಲಿ.

ನಾಲ್ಕನೆಯದು "ತನ್ನ" ಮತ್ತು ಅದರ ಬಂಧುಗಳು. ಪ್ರತಿ ವಾಕ್ಯಕ್ಕೂ ಮೊದಲು "ಯಾರ?" ಎಂದು ಗಟ್ಟಿಯಾಗಿ ಕೇಳಿಕೊಂಡು, ಹೆಸರು ಹೇಳಿ, ಬಳಿಕ ಇಂಗ್ಲಿಷ್ ವಾಕ್ಯ ಹೇಳಿ.
ಅ) ಸುಮಾ ತನ್ನ ತಮ್ಮನಿಗೆ ಪುಸ್ತಕ ಕೊಟ್ಟಳು.
ಆ) ರಮೇಶ ತನ್ನ ಹೆಂಡತಿಯ ಜೊತೆ ಬಂದ.
ಇ) ನಾನು ಅವನನ್ನು ನೋಡಿದೆ, ಅವನ ಅಮ್ಮನನ್ನು ನೋಡಲಿಲ್ಲ.
ಈ) ಅವಳನ್ನೇ ಕೇಳಿ. ಪೆನ್ನು ಅವಳದು.
ಉತ್ತರ: (ಅ) "ಸುಮಾ ಗೇವ್ ಹರ್ ಬ್ರದರ್ ಎ ಬುಕ್." (ಆ) "ರಮೇಶ್ ಕೇಮ್ ವಿತ್ ಹಿಸ್ ವೈಫ್." (ಇ) "ಐ ಸಾ ಹಿಮ್, ಬಟ್ ಐ ಡಿಡಂಟ್ ಸೀ ಹಿಸ್ ಮದರ್." (ಈ) "ಆಸ್ಕ್ ಹರ್. ದ ಪೆನ್ ಈಸ್ ಹರ್ಸ್."

ಐದನೆಯದು ಪಾತ್ರ ಬದಲಾವಣೆ. ಇದಕ್ಕೆ ಎರಡು ದಿನ ಕೊಡಿ. "ಮೈ ಅಂಕಲ್ ಲಿವ್ಸ್ ಅಲೋನ್. ಹಿ ಕುಕ್ಸ್ ಹಿಸ್ ಓನ್ ಫುಡ್. ಹಿಸ್ ಡಾಟರ್ ಕಾಲ್ಸ್ ಹಿಮ್ ಎವ್ರಿ ನೈಟ್, ಅಂಡ್ ಹಿ ಟೆಲ್ಸ್ ಹರ್ ಅಬೌಟ್ ಹಿಸ್ ಡೇ." ಇದನ್ನು ಬಾಯಿಪಾಠ ಮಾಡಿ, ಬಳಿಕ ಅಂಕಲ್ ಜಾಗದಲ್ಲಿ ಆಂಟ್, ಡಾಟರ್ ಜಾಗದಲ್ಲಿ ಸನ್ ಇಟ್ಟು, ಕಾಗದ ನೋಡದೆ ಹೇಳಿ. ಕೊನೆಯ ವಾಕ್ಯ "ಹರ್ ಸನ್ ಕಾಲ್ಸ್ ಹರ್ ಎವ್ರಿ ನೈಟ್, ಅಂಡ್ ಶಿ ಟೆಲ್ಸ್ ಹಿಮ್ ಅಬೌಟ್ ಹರ್ ಡೇ" ಎಂದಾಗಬೇಕು. ಎಲ್ಲರೂ ಜಾರುವುದು ಇಲ್ಲಿಯೇ, ಏಕೆಂದರೆ ಒಂದೇ ಉಸಿರಿನಲ್ಲಿ ಇಬ್ಬರನ್ನು ಹಿಡಿದಿಡಬೇಕಾಗುತ್ತದೆ.

ಆರನೆಯದು ಸ್ವತಂತ್ರ ಮಾತು. ನಿಮ್ಮ ಮನೆಯ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಬಗ್ಗೆ ಎರಡು ನಿಮಿಷ ಮಾತನಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ತಪ್ಪಿದ್ದು ಗೊತ್ತಾದ ಕೂಡಲೇ ನಿಲ್ಲದೆ, ಸಾರಿ ಎನ್ನದೆ, "ಹಿ, ಶಿ ವರ್ಕ್ಸ್ ಇನ್ ಎ ಬ್ಯಾಂಕ್" ಎಂದು ತಿದ್ದಿಕೊಂಡು ಮುಂದುವರಿಯಿರಿ. ಕೇಳುವ ಜೊತೆಗಾರರು ನಗಬಾರದು, ಸರಿಯುತ್ತರವನ್ನು ಬಾಯಿಗೆ ತುರುಕಲೂಬಾರದು; ತಪ್ಪು ಕೇಳಿಸಿದಾಗ "ಹೂ?" ಎಂದು ಒಂದು ಪದ ಕೇಳಿದರೆ ಸಾಕು. ಬಳಿಕ ರೆಕಾರ್ಡಿಂಗ್ ಕೇಳುತ್ತಾ, ಕಾಗದದ ಮೇಲೆ ಎರಡು ಸಾಲು ಮಾಡಿಕೊಂಡು ತಪ್ಪಿಗೊಂದು ಗೆರೆ ಎಳೆಯಿರಿ: ನೀವೇ ಹಿಡಿದ ತಪ್ಪುಗಳು ಒಂದು ಕಡೆ, ನಿಮ್ಮ ಕಿವಿಯಿಂದ ತಪ್ಪಿಸಿಕೊಂಡವು ಇನ್ನೊಂದು ಕಡೆ. ಎರಡನೆಯ ಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ಗೆರೆಗಳಿದ್ದರೆ ನಾಲ್ಕನೆಯ ಅಭ್ಯಾಸಕ್ಕೆ ಹಿಂದಿರುಗಿ, ಮುಂದಿನ ಬುಧವಾರ ಆ ಕಾಗದವನ್ನು ತರಗತಿಗೆ ತನ್ನಿ.