ಅಕ್ಕನಿಗೆ ಒಂದು ಕಾಗದ

ಅಕ್ಕಾ,

ನಾನು, ತೀರ್ಥಹಳ್ಳಿ ಚಿಕ್ಕಪ್ಪನ ಮಗ. ಹತ್ತು ವರ್ಷ ಮಾತಿಲ್ಲದೆ ಕಳೆದವು. ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮದುವೆಯ ದಿನ ಅಮ್ಮ ಕೈಯಲ್ಲಿ ಅಕ್ಷತೆ ಹಿಡಿದು ಮಂಟಪದ ಹತ್ತಿರ ಬಂದಿದ್ದರು. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಹಿರಿಯರೊಬ್ಬರು "ನೀವು ಕೆಳಗೇ ಇರಿ" ಅಂದರು. ಅಮ್ಮ ಏನೂ ಹೇಳದೆ ಹಿಂದಿನ ಸಾಲಿಗೆ ಹೋಗಿ ಕೂತರು. ಹಿಂದಿನ ರಾತ್ರಿ ಹನ್ನೆರಡರವರೆಗೆ ನಿನಗೆ ಮದರಂಗಿ ಹಾಕಿದ್ದು ಅದೇ ಕೈ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಊಟಕ್ಕೆ ಎಲೆ ಹಾಕುವಾಗಲೇ ಅಮ್ಮನನ್ನು ಕರೆದುಕೊಂಡು ಹೊರಟುಬಿಟ್ಟೆ.

ಆ ನೋವು ಸುಳ್ಳಲ್ಲ ಅಕ್ಕಾ. ಆದರೆ ಆ ಮಾತು ನಿನ್ನದಲ್ಲ. ನೀನು ತಲೆ ತಗ್ಗಿಸಿ ಕೂತಿದ್ದೆ, ನಿನಗೆ ಕೇಳಿಸಿರಲೂ ಇಲ್ಲವೇನೋ. ನಾನು ಒಮ್ಮೆಯೂ ಕೇಳಲಿಲ್ಲ. ನೀನು ಎರಡು ಸಲ ಫೋನ್ ಮಾಡಿದಾಗ ಎತ್ತಲಿಲ್ಲ. ಗೃಹಪ್ರವೇಶಕ್ಕೂ ನಿನ್ನನ್ನು ಕರೆಯಲಿಲ್ಲ. ಅದು ಪೂರ್ತಿ ನನ್ನ ತಪ್ಪು. ಕ್ಷಮಿಸು.

ಅಮ್ಮ ಯಾವತ್ತೋ ಮರೆತಿದ್ದಾರೆ. ಮೊನ್ನೆ ಹಲಸಿನ ಹಪ್ಪಳ ಒಣಗಿಸುತ್ತಾ "ಅವಳ ಮಗಳು ಈಗ ಎಷ್ಟನೇ ಕ್ಲಾಸು?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ತುಂಬಾ ಸಂಕಟವಾಯಿತು.

ಚಿಕ್ಕವರಿದ್ದಾಗ ರಜೆಯೆಲ್ಲಾ ನಿಮ್ಮ ಮನೆಯಲ್ಲೇ ಅಲ್ವಾ? ನನಗೆ ಸೈಕಲ್ ಕಲಿಸಿದವಳು ನೀನು.

ನೀನು ಒಪ್ಪಿದರೆ ಮುಂದಿನ ಭಾನುವಾರ ಅಮ್ಮನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬರುತ್ತೇನೆ. ಈಗಲೇ ಬೇಡ ಅನ್ನಿಸಿದರೆ ಅದನ್ನೂ ಹೇಳು, ಕಾಯುತ್ತೇನೆ. ಭಾವನಿಗೆ ನಮಸ್ಕಾರ ತಿಳಿಸು. ಹಪ್ಪಳದಲ್ಲಿ ಒಂದು ಕಟ್ಟು ನಿನಗೆ ಅಂತ ಅಮ್ಮ ತೆಗೆದಿಟ್ಟಿದ್ದಾರೆ.

ನಿನ್ನ ತಮ್ಮ