ಮೂರು ಬೀಗದ ಕೈ

ಕೆಲಸ ಅಟ್ಟದಿಂದ ಶುರುವಾಗಲಿ ಎಂದಳು ವಸುಧಾ. ಮೇಲಿನ ಧೂಳು ಕೆಳಗೆ ಬಿದ್ದ ಮೇಲೆ ಕಸ ಗುಡಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ. ರಾಜಾಜಿನಗರದ ಈ ಎರಡನೇ ಮಹಡಿಯ ಮನೆಗೆ ಅಪ್ಪ ಅಮ್ಮ ಬಂದದ್ದು 1998ರಲ್ಲಿ. ತಿಂಗಳ ಕೊನೆಯೊಳಗೆ ಬೀಗದ ಕೈ ಒಪ್ಪಿಸದಿದ್ದರೆ ಇನ್ನೊಂದು ತಿಂಗಳ ಬಾಡಿಗೆ, ಹದಿನಾಲ್ಕು ಸಾವಿರ.

ರಘು ಏಣಿ ಹತ್ತಿ ಹಿತ್ತಾಳೆ ಹಂಡೆ ಇಳಿಸಿದ. ಗುಜರಿಯವನು ಕೊಕ್ಕೆ ತಕ್ಕಡಿ ತರುತ್ತಾನೆ, ಅದಕ್ಕೆ ಮೊದಲು ನಮ್ಮ ಲೆಕ್ಕ ನಮಗೆ ಗೊತ್ತಿರಲಿ ಎಂದು ಅಪ್ಪನ ತೂಕದ ಯಂತ್ರ ಹೊರತೆಗೆದರು. ಹಂಡೆ ತಬ್ಬಿಕೊಂಡು ನಿಂತಾಗ ಎಂಬತ್ತೊಂದು ಕಿಲೋ, ಬರಿಗೈಲಿ ಎಪ್ಪತ್ತೆರಡು.

"ಒಂಬತ್ತು ಕಿಲೋ," ಎಂದ ರಘು. ಹಂಡೆಯನ್ನು ಕೆಳಗಿಡಲಿಲ್ಲ.

"ನಾನು ಒಯ್ತೀನಿ ಅಣ್ಣ," ಎಂದಳು ಚಾರು.

"ಪುಣೆಗಾ? ನಿನ್ನ ಮನೇಲಿ ಎಲ್ಲಿಡ್ತೀಯೇ?"

"ಬಾಲ್ಕನೀಲಿ. ನೀನು ಮೊದಲು ಕೆಳಗಿಡು."

ಬೀರು ಖಾಲಿ ಮಾಡಲು ಚಾರು ಕೂತಳು. ಅಮ್ಮ ಪ್ರತಿ ಅರೆಗೂ ಪೇಪರ್ ಹಾಸುತ್ತಿದ್ದಳು, ಹಳೆಯದರ ಮೇಲೇ ಹೊಸದು. ರದ್ದಿಗೆ ಕಟ್ಟುವ ಮುನ್ನ ಒಂದೊಂದು ಹಾಳೆಯನ್ನೂ ಬಿಡಿಸಿ ಝಾಡಿಸಬೇಕು, ಇಂಥ ಪದರಗಳಲ್ಲೇ ಎಫ್‌ಡಿ ರಸೀದಿ, ಎಲ್‌ಐಸಿ ಬಾಂಡು ಅಡಗಿರುತ್ತವೆ. ಮೂರನೇ ಅರೆಯಲ್ಲಿ, ಅಮ್ಮನ ರವಿಕೆಗಳ ಅಡಿಯ ಪೇಪರ್ ಕೆಳಗೆ, ರೆವೆನ್ಯೂ ಸ್ಟ್ಯಾಂಪ್ ಅಂಟಿಸಿದ ಚೀಟಿ ಸಿಕ್ಕಿತು: 2011ರಲ್ಲಿ ಹೆಚ್ಚುವರಿ ಅಡ್ವಾನ್ಸ್ ನಲವತ್ತು ಸಾವಿರ ಸಂದಿದೆ ಎಂದು ಓನರ್ ಕೈಬರಹ. ಅವರು ತೀರಿಕೊಂಡಿದ್ದಾರೆ. ಹಳೇ ಅಗ್ರಿಮೆಂಟ್ ನೋಡಿ ಅವರ ಮಗ ಫೋನಿನಲ್ಲಿ ಹೇಳಿದ್ದು ಬರೀ ಅರವತ್ತು ಸಾವಿರ. ಚಾರು ಚೀಟಿಯ ಎರಡೂ ಬದಿ ಫೋಟೊ ತೆಗೆದು, ಮರಣ ಪ್ರಮಾಣಪತ್ರಗಳಿದ್ದ ಫೈಲಿಗೆ ಸೇರಿಸಿದಳು. ರವಿಕೆಗಳನ್ನು ಮಾತ್ರ ಯಾವ ಗಂಟಿಗೆ ಹಾಕಬೇಕೆಂದು ತಿಳಿಯದೆ ಮತ್ತೆ ಅದೇ ಅರೆಯಲ್ಲಿಟ್ಟಳು. ವಸುಧಾ ಬಂದು ಎರಡನ್ನು ತನ್ನ ಬ್ಯಾಗಿಗೆ ಹಾಕಿಕೊಂಡು, ಎರಡನ್ನು ತಂಗಿಯ ಮಡಿಲಿಗಿಟ್ಟಳು.

ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮನೆಗೆ ತಂದಾಗ ಅಲ್ಲಿ ಗ್ರಿಲ್ ಗೇಟ್ ಇರಲಿಲ್ಲ. ಹಮಾಲಿಗಳು ಬಲವಂತ ಮಾಡಲು ಹೊರಟಾಗ ರಘು ತಡೆದ; ಚೌಕಟ್ಟು ಸೊಟ್ಟಗಾದರೆ ಮತ್ತೆ ಬಾಗಿಲು ಕೂರುವುದಿಲ್ಲ. ಮೇಲಕ್ಕೆ ಹೊತ್ತು ತಂದು ಕೀಲಿನ ಪಿನ್ನು ಬಡಿದು ತೆಗೆದು, ಎರಡೂ ಬಾಗಿಲು ಬಿಚ್ಚಿ, ಕನ್ನಡಿಯದ್ದನ್ನು ಹಾಸಿಗೆಯಲ್ಲಿ ಸುತ್ತಿದರು. ಬರೀ ಗೂಡಾದ ಮೇಲೆ ಓರೆಯಾಗಿ ಇಳಿಯಿತು.

ಗೀಸರ್ ಅಪ್ಪನದು. ಮೇನ್ ಸ್ವಿಚ್ ಆರಿಸಿ, ಆ್ಯಂಗಲ್ ಕಾಕ್ ತಿರುಗಿಸಿ, ಕೆಳಗೆ ಬಕೆಟ್ ಇಟ್ಟು ಪೈಪ್ ಬಿಚ್ಚಿದರು. ಹದಿನೈದು ಲೀಟರ್ ಒಂದು ಬಕೆಟ್ಟಿಗೆ ಹಿಡಿಸದು, ಎರಡನೆಯದು ಪಕ್ಕದಲ್ಲಿರಲೇಬೇಕು. ಎರಡೂ ಪೈಪಿನ ಬಾಯಿಗೆ ಎಂಡ್ ಕ್ಯಾಪ್. ಗೋಡೆಯ ಬೋಲ್ಟುಗಳನ್ನು ಕೀಳದೆ ಬಿಟ್ಟರು. ಕಿತ್ತರೆ ಟೈಲ್ಸ್ ಸೀಳುತ್ತದೆ, ಅದರ ದುಡ್ಡೂ ಅಡ್ವಾನ್ಸಿನಲ್ಲಿ ಮುರಿದುಹೋಗುತ್ತದೆ.

ದೇವರಗೂಡಿನ ಗೋಡೆಗೆ ದೀಪದ ಮಸಿ ಹಿಡಿದಿತ್ತು. ವಸುಧಾ ಒದ್ದೆ ಬಟ್ಟೆ ತಂದಳು.

"ಅಕ್ಕ, ಬೇಡ. ಎಣ್ಣೆಮಸಿ ಅದು, ಒದ್ದೆಬಟ್ಟೇಲಿ ಉಜ್ಜಿದರೆ ಹರಡಿಕೊಳ್ಳುತ್ತೆ. ಒಣ ಬ್ರಷ್ಷಲ್ಲಿ ಉದುರಿಸಿ ಆಮೇಲೆ ಸೋಪು."

"ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹೇಗೂ ಹಿಡಿದುಕೊಳ್ತಾರಲ್ಲೋ."

"ಹಿಡಿದುಕೊಳ್ಳಲಿ. ಅಮ್ಮನ ಮನೆ ಕೊಳಕಾಗಿತ್ತು ಅಂತ ಅನ್ನಿಸಿಕೊಳ್ಳೋದು ಬೇಡ."

ಇಬ್ಬರೂ ಒಟ್ಟಿಗೆ ಉಜ್ಜಿದರು. ಸ್ವಲ್ಪ ಉಳಿಯಿತು.

ಸಂಜೆ ಓನರ್ ಅಮ್ಮ ಮಗನ ಜೊತೆ ಬಂದರು. ಚೀಟಿ ಕೈಗೆ ಬಂದಾಗ ಗಂಡನ ಅಕ್ಷರವನ್ನು ಕಣ್ಣಹತ್ತಿರ ಹಿಡಿದು ನೋಡಿ, "ಇದು ಅವರದ್ದೇ ಕಣಪ್ಪಾ. ಬೋರ್‌ವೆಲ್ ಹಾಕಿಸಿದ ವರ್ಷ," ಎಂದು ಮಗನಿಗೆ ಕೊಟ್ಟರು. ಅವನು ಮರುಮಾತಾಡಲಿಲ್ಲ. ಲಕ್ಷದಲ್ಲಿ ಹದಿನಾಲ್ಕು ಸಾವಿರ ಕಳೆದು ಎಂಬತ್ತಾರು ಸಾವಿರ. ಅಪ್ಪನ ಹೆಸರಿಗೆ ಚೆಕ್ ಬರೆದರೆ ಪ್ರಯೋಜನವಿಲ್ಲವೆಂದು ವಸುಧಾಳ ಹೆಸರಿಗೆ ಬರೆಸಿ, ಉಳಿದಿಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಮೀಟರ್ ರೀಡಿಂಗ್‌ನ ಫೋಟೊ ಎರಡೂ ಕಡೆಯವರ ಫೋನಿಗೆ ಹೋಯಿತು.

"ಕೀ ಮೂರು ಇರಬೇಕಲ್ಲ?" ಎಂದ ಮಗ. ಇದ್ದದ್ದು ಎರಡು.

ಚಾರು ಎದುರು ಮನೆಯ ಬಾಗಿಲು ತಟ್ಟಿದಳು. ಅಪ್ಪ ಒಬ್ಬರೇ ಆದಮೇಲೆ ಇರಲೆಂದು ಕೊಟ್ಟಿದ್ದ ಕೈಯನ್ನು ಅವರು ಕುಂಕುಮದ ಬಟ್ಟಲಿನ ಪಕ್ಕದಿಂದ ತಂದುಕೊಟ್ಟರು. ಮೂರನ್ನೂ ಎಣಿಸಿ ಒಪ್ಪಿಸಿ, ಮುಟ್ಟಿದ್ದಕ್ಕೆ ಸಹಿ ಪಡೆದರು.

ಕೆಳಗೆ ಟೆಂಪೊ ಹಾರ್ನ್ ಹೊಡೆಯುತ್ತಿತ್ತು.

"ಅಣ್ಣ, ಅಪ್ಪನ ಸಿಮ್ಮಿಗೆ ಈ ತಿಂಗಳೂ ರೀಚಾರ್ಜ್ ಮಾಡ್ಸು," ಎಂದಳು ಚಾರು. "ಎಲ್‌ಐಸಿ ಮೆಸೇಜು ಇನ್ನೂ ಅದಕ್ಕೇ ಬರುತ್ತೆ."

"ಮಾಡ್ಸಿದೀನಿ. ಮೂರು ತಿಂಗಳದ್ದು."